ಶಾಲು ಹೊದ್ದು ಬಂದ ಅಪ್ಪ

ಬ್ಯಾಡಗಿಯ ಖಾರದಪುಡಿ ಕಾರ್ಖಾನೆ ಮುಚ್ಚುವುದಕ್ಕೆ ಒಂದು ತಿಂಗಳ ಮೊದಲು ಅಪ್ಪ ರಾಜೀನಾಮೆಗೆ ಸಹಿ ಹಾಕಿ, ಕಾರ್ಖಾನೆಯವರು ಹೊದಿಸಿದ ಶಾಲು ಹೊದ್ದು ಮನೆಗೆ ಬಂದ. ಗ್ರಾಚ್ಯುಟಿಯೇನೋ ಸಿಕ್ಕಿತು. ಸಹಿ ಹಾಕದೆ ಉಳಿದವರಿಗೆ ಅದರ ಜೊತೆ ಕಾರ್ಖಾನೆ ಮುಚ್ಚಿದ್ದಕ್ಕೆ ಪರಿಹಾರವೂ ಬಂತು.

“ತೆಗದು ಹಾಕಿದ್ರು ಅನ್ನಿಸ್ಕೊಳ್ಳೂದು ಬ್ಯಾಡಾಗಿತ್ತವಾ” ಎಂದ ಅಪ್ಪ.

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೊಬ್ಬಳೇ. ಕಾಯ್ದೆ ಓದಿಕೊಂಡು ಅಪ್ಪನನ್ನು ಹಾವೇರಿಯ ಕಾರ್ಮಿಕ ಕಚೇರಿಗೆ ಕರೆದೊಯ್ದೆ. ರಾಜೀನಾಮೆ ಒತ್ತಾಯದ್ದೆಂದು ತೋರಿಸಿದರೆ ಮಾತ್ರ ಪರಿಹಾರ ಕೇಳಬಹುದಿತ್ತು. ಬಸ್ಸಿನಲ್ಲೇ ಹೇಳಿದ್ದೆ: “ಸಹಿ ಹಾಕದಿದ್ರ ಗ್ರಾಚ್ಯುಟಿನೂ ಸಿಗಂಗಿಲ್ಲ ಅಂತ ಹೆದರಿಸಿದ್ದು ಖರೇನ ಅಲ್ಲೇನಪಾ? ಅದನ್ನ ಹೇಳು.”

ಅಧಿಕಾರಿ ಕೇಳಿದರು: “ಒತ್ತಾಯದಿಂದ ಸಹಿ ಮಾಡಿಸ್ಕೊಂಡ್ರೇನ್ರಿ, ಯಜಮಾನ್ರ?”

ಅಪ್ಪ ಹೆಗಲ ಮೇಲಿನ ಅದೇ ಶಾಲು ಸರಿಪಡಿಸಿಕೊಂಡ.

“ಇಲ್ರೀ ಸಾಹೇಬ್ರ. ಸನ್ಮಾನ ಮಾಡಿ ಕಳಿಸ್ಯಾರ.”