ಮತ್ತೊಬ್ಬರ ಲೈಸನ್ಸಿನ ಮೇಲೆ

ಟೆಂಡರ್ ಪ್ರಕಟಣೆಗಳಲ್ಲಿರುವಷ್ಟು ಸೊಕ್ಕಿನ ಇಂಗ್ಲಿಷನ್ನು ನಾನು ಬೇರೆಲ್ಲೂ ಓದಿಲ್ಲ. ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಮನೆಯ ಮುಂದಿನ ಕೋಣೆಯಲ್ಲಿ ಕೂತು ಅನುವಾದ ಮಾಡಿ ಬದುಕುವವಳು ನಾನು. ಕೋರ್ಟಿನ ಕಾಗದ, ಆಸ್ತಿ ಪತ್ರ, ವೈದ್ಯರ ವರದಿ, ಎಲ್ಲವೂ ಬರುತ್ತವೆ. ಸಾವಿನ ಸುದ್ದಿಯನ್ನೂ ಕನ್ನಡಕ್ಕೆ ತಂದಿದ್ದೇನೆ. ಆದರೆ ಇಳಕಲ್ಲಿನ ಆ ಗೌಂಡಿಗೆ ಮಾಡಿಕೊಟ್ಟ ಪುಟಗಳಷ್ಟು ಯಾವುದೂ ನನ್ನನ್ನು ಸುಸ್ತು ಮಾಡಲಿಲ್ಲ.

ಅವರು ಐವತ್ತು ದಾಟಿದ ಮನುಷ್ಯ. ಕಲ್ಲು ಕಟ್ಟುವುದು ಅಜ್ಜನ ಕಾಲದಿಂದ ಬಂದ ಕಸುಬು. ಹುನಗುಂದ, ಬಾದಾಮಿ ತಾಲ್ಲೂಕುಗಳ ಎಷ್ಟೋ ಹಳ್ಳಿಗಳಲ್ಲಿ ಕೆರೆಯ ಮೆಟ್ಟಿಲು, ಸಾಲಿ ಕಂಪೌಂಡು, ಗುಡಿಯ ಪೌಳಿ ಅವರು ಕಟ್ಟಿದ್ದೇ. ಹಿಂದಿನ ವರ್ಷವಷ್ಟೇ ಸ್ವಂತ ಹೆಸರಿನಲ್ಲಿ ನಾಲ್ಕನೇ ದರ್ಜೆ ಗುತ್ತಿಗೆದಾರರ ಲೈಸನ್ಸ್ ತೆಗೆಸಿದ್ದರು. ಬಾದಾಮಿ ಕಡೆಯ ಹಳ್ಳಿಯೊಂದರ ಕಲ್ಲಿನ ಬಾವಿ ದುರಸ್ತಿಗೆ ಸರಕಾರದ ಇಲಾಖೆಯೊಂದು ಟೆಂಡರ್ ಕರೆದಿತ್ತು. ಪತ್ರಿಕೆಯಲ್ಲಿ ಬಂದ ನಾಲ್ಕು ಸಾಲು ಕನ್ನಡದಲ್ಲಿದ್ದವು, ಟೆಂಡರ್ ಪೋರ್ಟಲ್‌ನಿಂದ ತೆಗೆದ ಪೂರ್ತಿ ಕಟ್ಟು ಇಂಗ್ಲಿಷ್‌ನಲ್ಲಿತ್ತು.

"ಅಕ್ಕಾರ, ಇದೊಂದು ಕೆಲಸ ನನ್ನ ಹೆಸರಿನ್ಯಾಗ ಆಗಬೇಕ್ರಿ," ಎಂದರು ಕಟ್ಟನ್ನು ಮೇಜಿನ ಮೇಲಿಟ್ಟು. "ಬಾವಿ ಮ್ಯಾಲೆ ಹಾಕೂ ಬೋರ್ಡಿನ್ಯಾಗ ನನ್ನ ಹೆಸರು ಇರಬೇಕು. ಅದೊಂದಽ ಆಸೆ."

ಮೊದಲು ಇ.ಎಂ.ಡಿ., ಅಂದರೆ ಟೆಂಡರಿನ ಜೊತೆ ಕಟ್ಟುವ ಠೇವಣಿಯ ಮಾತು ಬಂತು. ಅವರು ಅದನ್ನು ಹೊಲ ಕೊಳ್ಳುವಾಗ ಕೊಡುವ ಸಂಚಕಾರ ಎಂದುಕೊಂಡಿದ್ದರು. ಹತ್ತಿರದ ಮಾತೇ, ಆದರೆ ಪೂರ್ತಿ ಅದಲ್ಲ. ಕೆಲಸ ಸಿಗದಿದ್ದರೆ ಠೇವಣಿ ತಿರುಗಿ ಬರುತ್ತದೆ, ಸಿಕ್ಕಮೇಲೆ 'ನನಗೆ ಬ್ಯಾಡ' ಎಂದರೆ ಮುಟ್ಟುಗೋಲಾಗುತ್ತದೆ ಎಂದು ಬಿಡಿಸಿ ಹೇಳಿದೆ. ಸಣ್ಣ ಉದ್ಯಮದ ನೋಂದಣಿ ಪತ್ರವಿದ್ದರೆ ಠೇವಣಿ ಮಾಫಿ ಎಂದು ಯಾರೋ ಅವರ ಕಿವಿಯಲ್ಲಿ ಊದಿದ್ದರು. ಈ ಪ್ರಕಟಣೆಯಲ್ಲಿ ಕಾಮಗಾರಿಗೆ ಆ ವಿನಾಯಿತಿ ಇಲ್ಲವೆಂದು ಸ್ಪಷ್ಟವಾಗಿ ಬರೆದಿತ್ತು. ಡಿ.ಡಿ. ಮಾಡಿಸಿ ಲಕೋಟೆಯಲ್ಲಿಟ್ಟು ಪೆಟ್ಟಿಗೆಗೆ ಹಾಕುವ ಕಾಲವೂ ಹೋಯಿತು. ಹಣ ಪೋರ್ಟಲ್ ಮೂಲಕವೇ ಹೋಗಬೇಕು.

"ಟೆಂಡರ್ ಸೋಮವಾರ ಸಂಜೀ ನಾಕಕ್ಕ ಬಂದ್ ಆಗ್ತೈತಲ್ರಿ? ಸೋಮವಾರ ಮುಂಜಾನೆ ಬ್ಯಾಂಕಿಗೆ ಹೋಗ್ತೇನಿ," ಎಂದರು.

"ಹಾಂಗ ಮಾಡಬ್ಯಾಡ್ರಿ ಅಣ್ಣಾರ. ನೀವು ಕಟ್ಟಿದ ಚೀಟಿ ತೋರಿಸಿದ್ರ ನಡಿಯಂಗಿಲ್ಲ. ನಾಕರೊಳಗ ರೊಕ್ಕ ಅವರ ಖಾತೆಗೆ ಮುಟ್ಟಿದ್ದು ಕಾಣಬೇಕು. ಶುಕ್ರವಾರಽ ಕಟ್ರಿ. ನಾಕು ಅಂದ್ರ ಅವರ ಗಡಿಯಾರದ ನಾಕು, ನಿಮ್ಮ ಕೈಗಡಿಯಾರದ್ದಲ್ಲ."

ನಕ್ಕರು. ನಾನೂ ನಕ್ಕೆ. ಅಲ್ಲಿಯವರೆಗೆ ಎಲ್ಲ ಸುಗಮ. ಆಮೇಲೆ ಅರ್ಹತೆಯ ಪುಟ ತಿರುವಿದೆ.

ಹಿಂದಿನ ಐದು ವರ್ಷಗಳಲ್ಲಿ ಇಂಥದೇ ಕಲ್ಲುಗಟ್ಟಡದ ಕಾಮಗಾರಿಯನ್ನು ಮುಖ್ಯ ಗುತ್ತಿಗೆದಾರನಾಗಿ, ತನ್ನದೇ ಹೆಸರಿನಲ್ಲಿ ಮಾಡಿ ಮುಗಿಸಿರಬೇಕು. ಅದಕ್ಕೆ ಆಯಾ ಇಲಾಖೆಯ ಎಂಜಿನಿಯರು ಕೊಟ್ಟ ಪ್ರಮಾಣಪತ್ರ ಹಚ್ಚಬೇಕು. ಓದಿ ಹೇಳುವಾಗಲೇ ನನ್ನ ದನಿ ಇಳಿಯಿತು. ನಮ್ಮ ಕಡೆ ಕೆಲಸ ನಡೆಯುವ ರೀತಿ ಎಲ್ಲರಿಗೂ ಗೊತ್ತು. ಲೈಸನ್ಸ್ ಒಬ್ಬರದು, ಕೈ ಇನ್ನೊಬ್ಬರದು. ಲೈಸನ್ಸಿದ್ದವರು ತಮ್ಮ ಪಾಲು ಹಿಡಿದುಕೊಂಡು ಕೆಲಸವನ್ನು ಗೌಂಡಿಗೆ ಬಿಡುತ್ತಾರೆ. ಇವರು ಕಟ್ಟಿದ್ದೆಲ್ಲ ನವನಗರದ ಒಬ್ಬ ದೊಡ್ಡ ಗುತ್ತಿಗೆದಾರರ ಲೈಸನ್ಸಿನ ಮೇಲೆ. ಪ್ರಮಾಣಪತ್ರಗಳೆಲ್ಲ ಆ ಗುತ್ತಿಗೆದಾರರ ಹೆಸರಿನಲ್ಲಿ, ಅವರದೇ ಕಪಾಟಿನಲ್ಲಿದ್ದವು.

"ಅಲ್ರಿ, ಕಟ್ಟಿದಾವ ನಾನಽ ಅಲ್ಲೇನ್ರಿ? ಊರಾಗ ಯಾರನ್ನ ಬೇಕಾದರೂ ಕೇಳ್ಲಿ."

ಊರನ್ನು ಕೇಳುವ ಕಲಮು ಆ ಕಟ್ಟಿನಲ್ಲಿರಲಿಲ್ಲ. ಇನ್ನೊಂದು ದಾರಿ ಇತ್ತು. ಸಂದೇಹವಿದ್ದರೆ ಪೋರ್ಟಲ್‌ನಲ್ಲಿ ಪ್ರಶ್ನೆ ಕೇಳಬಹುದು. ಅದರ ಗಡುವು ಬುಧವಾರಕ್ಕೇ ಮುಗಿಯುತ್ತಿತ್ತು. ತುಂಡು ಗುತ್ತಿಗೆಯಲ್ಲಿ ಮಾಡಿದ ಕೆಲಸಕ್ಕೆ ಮುಖ್ಯ ಗುತ್ತಿಗೆದಾರರು ಕೊಟ್ಟ ಪತ್ರವನ್ನು ಒಪ್ಪುತ್ತೀರಾ ಎಂದು ನನಗೆ ಬರುವ ಅತ್ಯಂತ ವಿನಯದ ಇಂಗ್ಲಿಷ್‌ನಲ್ಲಿ ಬರೆದೆ. ಅವರು ಅದನ್ನು ಇಂಟರ್ನೆಟ್ ಅಂಗಡಿಯಲ್ಲಿ ತಮ್ಮ ಲಾಗಿನ್‌ನಿಂದ ಕಳಿಸಿದರು.

ಗುರುವಾರ ಉತ್ತರ ಬಂತು. 'ಟೆಂಡರ್ ಷರತ್ತಿನ ಪ್ರಕಾರ.' ಅಷ್ಟೇ.

"ಅಂದ್ರ ಹೌದೋ, ಅಲ್ಲೋ?" ಎಂದು ಕೇಳಿದರು.

ಷರತ್ತು ಅರ್ಥವಾಗಲಿಲ್ಲ ಎಂದು ಕೇಳಿದವರಿಗೆ ಷರತ್ತು ನೋಡಿಕೋ ಎನ್ನುವ ಉತ್ತರ! ಸಿಟ್ಟಿನಲ್ಲಿ ನಾನೇ ಅವರ ಜೊತೆ ಬಸ್ ಹತ್ತಿ ಬಾದಾಮಿಯ ಇಲಾಖೆ ಕಚೇರಿಗೆ ಹೋದೆ. ಅಲ್ಲಿದ್ದ ಎಂಜಿನಿಯರು ಕೆಟ್ಟವರೇನಲ್ಲ, ಕೂರಿಸಿ ಚಹಾ ಕೊಟ್ಟರು. "ಮೇಡಮ್, ಇವರ ಕೈಗುಣ ನನಗ ಗೊತ್ತೈತ್ರಿ. ಆದ್ರ ಪ್ರಕಟಣೆ ಹೊರಗ ಬಿದ್ದಮ್ಯಾಲೆ ಒಬ್ಬರ ಸಲುವಾಗಿ ಷರತ್ತು ಸಡಿಲ ಮಾಡಾಕ ಬರಂಗಿಲ್ಲ. ನಾಳೆ ಇನ್ನೊಬ್ಬ ತಕರಾರು ಹಾಕ್ತಾನ." ಅವರು ಹೇಳಿದ್ದು ನ್ಯಾಯವೇ. ನ್ಯಾಯವಾದ ಮಾತಿಗೆ ಜಗಳವಾಡಲೂ ಬರುವುದಿಲ್ಲವಲ್ಲ, ಅದೇ ನನ್ನ ಸಂಕಟ.

ಮರಳಿ ಬಂದು ನೇರ ನವನಗರದ ಗುತ್ತಿಗೆದಾರರ ಮನೆಗೆ ಹೋದೆವು. ಕೆಲಸ ಮಾಡಿದ್ದು ಇವರೇ ಎಂದು ಒಂದು ಪತ್ರ ಕೊಟ್ಟರೆ ಕಡೇ ಪಕ್ಷ ಹಚ್ಚಿ ನೋಡಬಹುದೆಂಬ ಆಸೆ. ಗುತ್ತಿಗೆದಾರರು ಕೈ ಮುಗಿದುಬಿಟ್ಟರು.

"ನೋಡ್ರಿ ಅಕ್ಕಾರ, ನೀವು ಓದಿದವರು. ನಾ ಹಾಂಗ ಬರದು ಕೊಟ್ರ, ಸರಕಾರದ ಕೆಲಸ ಕೇಳದಽ ಬ್ಯಾರೇದಾವಗ ಕೊಟ್ಟೇನಿ ಅಂತ ನಾನಽ ಒಪ್ಪಿಕೊಂಡಂಗ ಆಗ್ತೈತಿ. ನನ್ನ ಲೈಸನ್ಸಽ ಹೋಗ್ತೈತಿ." ಆಮೇಲೆ ಗೌಂಡಿಯ ಕಡೆ ತಿರುಗಿ, "ಯಾಕ ಒದ್ದಾಡ್ತಿ? ಯಾವಾಗಿನಂಗ ನನ್ನ ಹೆಸರಿನ್ಯಾಗ ಹಾಕು. ಕೆಲಸ ನಿಂದಽ," ಎಂದರು. ಆ ದನಿಯಲ್ಲಿ ಕಪಟವಿರಲಿಲ್ಲ, ಉಪಕಾರ ಮಾಡುವ ಧಾಟಿಯೇ ಇತ್ತು.

ಅತ್ತ ದರಿ, ಇತ್ತ ಪುಲಿ. ಅವರ ಅನುಭವಕ್ಕೆ ಸಾಕ್ಷಿಯಾಗುವ ಪತ್ರವೇ ಕೊಟ್ಟವರ ತಪ್ಪಿಗೂ ಸಾಕ್ಷಿ. ಓಣಿಯ ತಿರುವಿನಲ್ಲಿ ನಿಂತು ಗೌಂಡಿ ನನ್ನನ್ನೇ ನೋಡಿದರು. ನಾನು ಏನೋ ಕಲಮು ಹುಡುಕಿ ತೆಗೆಯುತ್ತೇನೆಂದು ನಂಬಿದ ನೋಟ ಅದು. ಪ್ರಮಾಣಪತ್ರವಿಲ್ಲದೆಯೂ ಟೆಂಡರ್ ಹಾಕಬಹುದು, ಆದರೆ ತಾಂತ್ರಿಕ ಭಾಗ ತೆರೆದಾಗಲೇ ತಿರಸ್ಕರಿಸುತ್ತಾರೆ, ನಿಮ್ಮ ದರವನ್ನು ಬಿಚ್ಚಿಯೂ ನೋಡುವುದಿಲ್ಲ, ಠೇವಣಿ ಮಾತ್ರ ತಿರುಗಿ ಬರುತ್ತದೆ ಎಂದು ಹೇಳಿದೆ. ಸುಳ್ಳಾದರೂ ಹೇಳಬಾರದಿತ್ತೇ ಎಂದು ಈಗಲೂ ಅನಿಸುತ್ತದೆ. ಅನುವಾದ ಮಾಡುವವಳಿಗೆ ಆ ಹಕ್ಕಿಲ್ಲ.

ಗೌಂಡಿಯನ್ನೇ ನಂಬಿಕೊಂಡು ಕೆಲಸವಿಲ್ಲದೆ ಕೂತ ಆರೇಳು ಕಲ್ಲುಕುಟಿಗರ ಮನೆಗಳಿದ್ದವು. ಶುಕ್ರವಾರ ಠೇವಣಿ ಕಟ್ಟಿದರು. ಹಣ ಗೌಂಡಿಯದು, ಟೆಂಡರ್ ನವನಗರದವರ ಹೆಸರಿನಲ್ಲಿ.

ಕೆಲಸ ಸಿಕ್ಕಿತು. ಕರಾರಿನ ಒಂದು ಪ್ರತಿ ಹಿಡಿದು ಗೌಂಡಿ ಮತ್ತೆ ನನ್ನ ಕೋಣೆಗೆ ಬಂದರು. ಯಾವಾಗ ಮುಗಿಸಬೇಕು, ತಡವಾದರೆ ದಂಡವೆಷ್ಟು, ತಿಳಿದುಕೊಳ್ಳಬೇಕಿತ್ತು. ನಾನು ಒಂದೊಂದೇ ಷರತ್ತು ಓದಿ ಹೇಳುತ್ತ ಹೋದೆ. ಒಂದು ಕಡೆ ನಾಲಿಗೆ ತಡೆಯಿತು.

"ಯಾಕ ನಿಂತ್ರಿ?"

"ಗುತ್ತಿಗೆದಾರರು ಈ ಕೆಲಸಾನ ಇಲಾಖೆ ಒಪ್ಪಿಗೆ ತಗೊಳ್ಳದಽ ಮತ್ತೊಬ್ಬರಿಗೆ ವಹಿಸಬಾರದು ಅಂತ ಐತ್ರಿ."

ಅವರು ಆ ಇಂಗ್ಲಿಷ್ ಸಾಲನ್ನು ಬೆರಳಿಟ್ಟು ನೋಡಿದರು.

"ಆ ಮತ್ತೊಬ್ಬ ಅಂದ್ರ ನಾನಽ ಹೌದಲ್ರಿ, ಅಕ್ಕಾರ?"

"ಹೌದ್ರಿ," ಎಂದೆ.

"ಇರ್ಲಿ. ಕಾಗದದಾಗ ಒಂದು ಕಡೇಯರ ಬಂದೇನಲ್ಲ," ಎಂದರು. "ಮುಂದಿಂದು ಓದ್ರಿ."