ಬಾಗಿಲಲ್ಲಿ ಚಾಚಿದ ಕೈ

ಚಿಕ್ಕಮ್ಮನಿಗೆ ಕಿವಿ ಕೇಳಿಸುವುದು ನಿಂತು ಎಷ್ಟೋ ವರ್ಷವಾಯಿತು. ಜ್ವರವೊಂದು ಬಂದು, ಹೋಗುವಾಗ ಬರಿಗೈಯಲ್ಲಿ ಹೋಗಬಾರದೆಂದು ಕಿವಿಯನ್ನು ಎತ್ತಿಕೊಂಡು ಹೋಯಿತು ಎಂದು ಅವಳೇ ಹೇಳಿ ನಗುತ್ತಾಳೆ. ಬಾಯಿ ಮಾತ್ರ ಗಟ್ಟಿಯಾಗಿ ಉಳಿದಿದೆ. ಎದುರಿನವರ ತುಟಿ ನೋಡಿ ಅರ್ಧ ತಿಳಿಯುತ್ತಾಳೆ, ಉಳಿದರ್ಧವನ್ನು ಬರೆದು ತೋರಿಸಬೇಕು. ಬಟ್ಟೆ ಹೊಲಿದು ಬದುಕುವ ಅವಳಿಗೆ ಗಿರಾಕಿಗಳ ಕೊರತೆಯಿಲ್ಲ. ತೊಂದರೆ ಎಲ್ಲ ಫೋನಿನದು. ಗ್ಯಾಸ್ ಬರಲಿಲ್ಲವೆಂದರೂ ಕರೆಂಟು ಹೋಯಿತೆಂದರೂ ಅಕ್ಕನ ಮಗಳಿಗೆ ಒಂದು ಮೆಸೇಜು ಬರುತ್ತದೆ, ಅದರ ಬಾಲದಲ್ಲಿ ಒಂದೇ ಮಾತು: "ಸ್ವಲ್ಪ ಫೋನ್ ಮಾಡಿ ಕೇಳು."

ಆ ಅಕ್ಕನ ಮಗಳು ಆನ್‌ಲೈನ್ ಅಂಗಡಿಯೊಂದರಲ್ಲಿ ಅನುವಾದಕಿ. ಇಂಗ್ಲಿಷಿನಲ್ಲಿ ಬರುವುದನ್ನೆಲ್ಲ ಕನ್ನಡಕ್ಕೆ ತಂದು ಹಾಕುವುದು ಕೆಲಸ. ವಸ್ತು ವಾಪಸ್ ಕೊಡುವ ನಿಯಮಗಳ ಪುಟ ಅವಳ ಕೈಯಿಂದ ಹೊರಬಿದ್ದು ಹೆಚ್ಚು ದಿನವಾಗಿರಲಿಲ್ಲ. ಒಂದು ಸಾಲೂ ಬಿಟ್ಟಿಲ್ಲ, ಒಂದು ಸಾಲೂ ಸೇರಿಸಿಲ್ಲ ಎಂದು ಆಫೀಸಿನಲ್ಲಿ ಬೆನ್ನು ತಟ್ಟಿದ್ದರು. ಅವಳೂ ಒಳಗೊಳಗೇ ಉಬ್ಬಿದ್ದಳು, ಸುಳ್ಳು ಯಾಕೆ ಹೇಳಬೇಕು.

ಚಿಕ್ಕಮ್ಮ ಅದೇ ಅಂಗಡಿಯಿಂದ ಹೊಸ ಹೊಲಿಗೆ ಮಿಷನ್ ತರಿಸಿದಳು. ತಂದವನ ಕೈಗೆ ಬಾಗಿಲಲ್ಲೇ ನೋಟುಗಳನ್ನು ಎಣಿಸಿ ಕೊಟ್ಟಳು. ಡಬ್ಬ ಬಿಚ್ಚಿದರೆ ಚಕ್ರದ ಅಂಚು ಉದ್ದಕ್ಕೆ ಬಿರುಕು ಬಿಟ್ಟಿತ್ತು. ಹಳೆಯ ಮಿಷನ್ ಆಗಲೇ ಗುಜರಿಗೆ ಹೋಗಿತ್ತು. ಕತ್ತರಿಸಿಟ್ಟ ಬಟ್ಟೆಗಳ ರಾಶಿ ಮಂಚದ ಮೇಲೆ ಕಾಯುತ್ತಿತ್ತು. ಈ ಹಣ ವಾಪಸ್ ಬಾರದೆ ಇನ್ನೊಂದು ಮಿಷನ್ ಕೊಳ್ಳುವ ಮಾತೇ ಇರಲಿಲ್ಲ.

ಈ ಸಲ "ಫೋನ್ ಮಾಡಿ ಕೇಳು" ಎಂಬ ಮೆಸೇಜು ಬರಲಿಲ್ಲ. ಅಕ್ಕನ ಮಗಳು ಬರೆದ ಪುಟ ಕನ್ನಡದಲ್ಲೇ ಇತ್ತಲ್ಲ. ಚಿಕ್ಕಮ್ಮ ಕನ್ನಡಕ ಏರಿಸಿ, ಸಾಲಿನ ಕೆಳಗೆ ಬೆರಳಿಟ್ಟು ಓದಿದಳು. ಬಿರುಕಿನ ಫೋಟೋ ತೆಗೆದು ಹಾಕಿದಳು, 'ಹಣ ವಾಪಸ್ ಬೇಕು' ಎಂಬುದನ್ನು ಒತ್ತಿದಳು, ಡಬ್ಬ ಮತ್ತು ಥರ್ಮೊಕೋಲನ್ನು ಜೋಪಾನ ಮಾಡಿದಳು. ಬ್ಯಾಂಕ್ ಖಾತೆ ಕೇಳಿದ ಕಡೆ ಮಾತ್ರ 'ಆಮೇಲೆ' ಎಂದು ಒತ್ತಿ ಮುಂದೆ ಹೋದಳು. ಅದು ತನಗಲ್ಲ ಎಂದುಕೊಂಡಳು.

ಒಯ್ಯಲು ಹುಡುಗನೊಬ್ಬ ಬಂದ. ಚಿಕ್ಕಮ್ಮ ಮಿಷನನ್ನು ಬಾಗಿಲಿಗೆ ತಂದಿಟ್ಟು, ಅದರ ಮೇಲೆ ಒಂದು ಕೈಯಿಟ್ಟು, ಇನ್ನೊಂದು ಕೈಯನ್ನು ಅವನ ಮುಂದೆ ಚಾಚಿ ನಿಂತಳು. ಅವನು ಏನೇನೋ ಹೇಳಿದ. ಅವಳು ಕೈ ಹಿಂದೆ ತೆಗೆಯಲಿಲ್ಲ. "ಈ ಕೈಯಲ್ಲಿ ಕೊಟ್ಟೆ, ಈ ಕೈಗೇ ಕೊಡಪ್ಪ" ಎಂದಳು. ಅವನು ತಲೆ ಕೆರೆದುಕೊಂಡು ಹೊರಟುಹೋದ. ಸ್ವಲ್ಪ ಹೊತ್ತಿಗೆ ಮೆಸೇಜು ಬಂತು: ಗ್ರಾಹಕರು ವಸ್ತು ಕೊಡಲು ಒಪ್ಪಲಿಲ್ಲ, ಇನ್ನೊಮ್ಮೆ ಬರುತ್ತೇವೆ, ಆಗಲೂ ಕೊಡದಿದ್ದರೆ ಕೋರಿಕೆ ರದ್ದು. ಅಷ್ಟರಲ್ಲಿ ವಾಪಸ್ ಕೊಡುವ ಅವಧಿಯೂ ಮುಗಿಯುತ್ತಿತ್ತು. ಹೊಸ ಕೋರಿಕೆಗೆ ದಾರಿಯಿರಲಿಲ್ಲ.

ಸಂಜೆ ಚಿಕ್ಕಮ್ಮನ ಮನೆಗೆ ಬಂದು ವಿಷಯ ತಿಳಿದ ಅನುವಾದಕಿ ಮೊದಲು ನಕ್ಕಳು, ಆಮೇಲೆ ರೇಗಿದಳು. "ಅವನ ಹತ್ರ ಹಣ ಎಲ್ಲಿರುತ್ತೆ ಚಿಕ್ಕಮ್ಮ" ಎಂದು ತುಟಿ ಬಿಡಿಸಿ ಬಿಡಿಸಿ ಹೇಳಿದಳು.

ಚಿಕ್ಕಮ್ಮ ಫೋನು ಮುಂದೆ ಹಿಡಿದಳು. ಬೆರಳು ಒಂದು ಸಾಲಿನ ಕೆಳಗಿತ್ತು: 'ನೀವು ಹಣ ಪಾವತಿಸಿದ ವಿಧಾನದಲ್ಲೇ ಹಣವನ್ನು ಮರಳಿಸಲಾಗುವುದು.'

"ನಾನು ಹೆಂಗೆ ಕೊಟ್ಟೆ? ನೋಟು ಕೊಟ್ಟೆ. ಎಲ್ಲಿ ಕೊಟ್ಟೆ? ಈ ಬಾಗಿಲಲ್ಲಿ. ನೀನು ಬರೆದ ಹಾಗೇ ನಿಂತಿದ್ದೆ ಕಣೇ."

ಅನುವಾದಕಿಯ ನಗುವೂ ಸಿಟ್ಟೂ ಒಟ್ಟಿಗೇ ಇಳಿದವು. ಇಂಗ್ಲಿಷಿನಲ್ಲಿದ್ದದ್ದು ಅದೇ, ತಾನು ತಂದದ್ದೂ ಅದೇ. ಕಾರ್ಡಿನವರಿಗೆ ಸರಿಯಾಗಿದ್ದ ಸಾಲು ಅದು, ನೋಟು ಕೊಟ್ಟವರನ್ನು ಬರೆದವರು ನೆನೆದೇ ಇರಲಿಲ್ಲ. ಆದರೆ ಅವಳನ್ನು ಹಿಡಿದು ನಿಲ್ಲಿಸಿದ್ದು ತಪ್ಪಿನ ನಾಚಿಕೆಯೊಂದೇ ಅಲ್ಲ. ತಾನು ಎಲ್ಲೋ ಕುರ್ಚಿಯಲ್ಲಿ ಕೂತು ಟೈಪು ಮಾಡಿದ ಸಾಲೊಂದು ಇಲ್ಲಿ, ಈ ಬಾಗಿಲಲ್ಲಿ, ಒಬ್ಬಳ ಕೈಯನ್ನು ಎತ್ತಿ ಚಾಚಿಸಿತ್ತು. ಯಾರೋ ಅಷ್ಟು ನಂಬಿ ಓದುತ್ತಾರೆಂದು ಅವಳು ಕನಸಿನಲ್ಲೂ ಅಂದುಕೊಂಡಿರಲಿಲ್ಲ.

"ನಾನೀಗಲೇ ಕಾಲ್ ಸೆಂಟರಿಗೆ ಫೋನ್ ಮಾಡ್ತೀನಿ" ಎಂದು ಫೋನು ತೆಗೆದಳು. ಚಿಕ್ಕಮ್ಮ ಅವಳ ಕೈಯನ್ನು ಮೆಲ್ಲಗೆ ಕೆಳಗಿಳಿಸಿದಳು.

"ನೀನು ಫೋನ್ ಮಾಡಬೇಡ. ಬರೆದಿದ್ದು ಸರಿಯಿಲ್ಲ ಅಂದ್ರೆ ಬರೆದಿದ್ದನ್ನ ಸರಿ ಮಾಡು. ಓದಿ ನಾನೇ ಮಾಡ್ತೀನಿ. ನನ್ನಂಥವರ ಮನೇಲೆಲ್ಲ ನೀನು ಇರ್ತೀಯಾ?"

ಮರುದಿನ ಆಫೀಸಿನಲ್ಲಿ ಅವಳು ನಿಯಮ ನೋಡಿಕೊಳ್ಳುವ ಅಧಿಕಾರಿಯ ಮೇಜಿನ ಮುಂದೆ ನಿಂತಳು. "ಸರ್, ಬಾಗಿಲಲ್ಲಿ ನೋಟು ಕೊಟ್ಟವರಿಗೆ ಹಣ ಹೇಗೆ ವಾಪಸ್ ಹೋಗುತ್ತೆ?"

"ಬ್ಯಾಂಕ್ ಖಾತೆಗೆ. ಎಲ್ಲರಿಗೂ ಗೊತ್ತಿರೋದೇ ಅಲ್ವಾ?"

"ನಮ್ಮ ಪುಟದಲ್ಲಿ ಎಲ್ಲೂ ಇಲ್ಲ ಸರ್."

ಅವರು ಇಂಗ್ಲಿಷ್ ಪುಟವನ್ನು ಮೇಲಿನಿಂದ ಕೆಳಗೆ ಓದಿದರು. ಮತ್ತೆ ಮೇಲಿನಿಂದ ಓದಿದರು. ಆಮೇಲೆ ಕಾಲ್ ಸೆಂಟರಿನ ಮೇಲ್ವಿಚಾರಕಿಯನ್ನು ಕರೆದು ಕೇಳಿದರೆ, "ಅಯ್ಯೋ, ಇದೇ ಗಲಾಟೆ ದಿನಾ ಬರುತ್ತೆ ಸರ್, ನಿಮಗೆ ಹೇಳಿದ್ದೆವಲ್ಲ" ಎಂದಳು ಆಕೆ. ಒಳ್ಳೆಯ ಮನುಷ್ಯ ಆ ಅಧಿಕಾರಿ, ಮೂಗು ಮುರಿಯಲಿಲ್ಲ. "ನೀವು ಕನ್ನಡದಲ್ಲಿ ಮೊದಲು ಬರೀರಿ, ನಾನು ನೋಡಿ ಒಪ್ಪಿಗೆ ಕೊಡ್ತೀನಿ. ಇಂಗ್ಲಿಷನ್ನ ಅದರ ಪ್ರಕಾರ ಸರಿ ಮಾಡೋಣ" ಎಂದರು. ಇಂಗ್ಲಿಷು ಕನ್ನಡದ ಹಿಂದೆ ನಡೆದದ್ದನ್ನು ಆ ಆಫೀಸು ಅದೇ ಮೊದಲು ಕಂಡಿತು.

ಅವಳು ಬರೆಯುವಾಗ ಕಣ್ಣ ಮುಂದೆ ಇದ್ದದ್ದು ಇಂಗ್ಲಿಷ್ ಸಾಲಲ್ಲ, ಬಾಗಿಲು. ಅಲ್ಲಿ ನಿಂತವಳ ಕೈ ಮೊದಲು ಏನು ಮಾಡಬೇಕು, ಆಮೇಲೆ ಏನು, ಯಾರು ಯಾವಾಗ ಕೊಡುತ್ತಾರೆ ಎಂಬ ಕ್ರಮದಲ್ಲೇ ಬರೆದಳು:

'ಬಾಗಿಲಲ್ಲಿ ನಗದು ಕೊಟ್ಟು ಕೊಂಡಿದ್ದೀರಾ? ಹಣ ನಿಮ್ಮ ಬ್ಯಾಂಕ್ ಖಾತೆಗೆ ಬರುತ್ತದೆ. ವಸ್ತು ಒಯ್ಯಲು ಬರುವವರ ಹತ್ತಿರ ನಿಮ್ಮ ಹಣ ಇರುವುದಿಲ್ಲ. ಅವರು ಬರುವ ಮೊದಲೇ "ನನ್ನ ಆರ್ಡರ್" ಪುಟದಲ್ಲಿ ನಿಮ್ಮ ಖಾತೆಯ ವಿವರ ತುಂಬಿ. ವಸ್ತುವನ್ನು ಅದರ ಡಬ್ಬದಲ್ಲೇ ಕೊಡಿ. ಒಯ್ದದ್ದಕ್ಕೆ ರಸೀದಿ ನಿಮ್ಮ ಫೋನಿಗೆ ಬರುತ್ತದೆ. ಅದು ಬರುವವರೆಗೆ ಅವರನ್ನು ಕಳುಹಿಸಬೇಡಿ. ವಸ್ತು ನಮ್ಮ ಗೋದಾಮಿಗೆ ತಲುಪಿ, ನಾವು ಪರೀಕ್ಷಿಸಿದ ಮೇಲೆ ಹಣ ಹಾಕುತ್ತೇವೆ.'

ಒಪ್ಪಿಗೆ ಸಿಕ್ಕಿ ಆ ಸಾಲುಗಳು ಪುಟಕ್ಕೆ ಏರಿದವು. ಹುಡುಗ ಎರಡನೆಯ ಸಲ ಬಂದಾಗ ಅನುವಾದಕಿ ಒಳಮನೆಯಲ್ಲಿದ್ದಳು. ಬಾಯಿ ಹಾಕಬಾರದೆಂದು ಕಟ್ಟಪ್ಪಣೆಯಾಗಿತ್ತು. ಅವನು ಹಿಂದಿನ ಸಲದ್ದು ನೆನೆದು ಹೊಸ್ತಿಲಿನಿಂದ ದೂರವೇ ನಿಂತ. ಚಿಕ್ಕಮ್ಮ ಈ ಸಲ ಕೈ ಚಾಚಲಿಲ್ಲ. ಖಾತೆಯ ವಿವರ ತುಂಬಿ ಆಗಿತ್ತು. ಡಬ್ಬವನ್ನು ಅವನತ್ತ ತಳ್ಳಿದಳು. ಅವನು ಬಿಚ್ಚಿ ಬಿರುಕು ನೋಡಿ, ಮುಚ್ಚಿ, ಚೀಲಕ್ಕೆ ಹಾಕಿ ಹೆಗಲಿಗೇರಿಸಿದ. ಹೊರಡಲು ತಿರುಗಿದವನ ಚೀಲದ ಪಟ್ಟಿಯನ್ನು ಚಿಕ್ಕಮ್ಮ ಹಿಡಿದುಕೊಂಡಳು.

"ರಸೀದಿ ಆಮೇಲೆ ಬರುತ್ತೆ ಅಮ್ಮ, ನೆಟ್‌ವರ್ಕ್ ಇಲ್ಲ" ಎಂದ ಅವನು. ಅವಳಿಗೆ ಕೇಳಿಸಲಿಲ್ಲ, ಕೇಳಿಸಬೇಕಾಗಿಯೂ ಇರಲಿಲ್ಲ. ಫೋನನ್ನು ಅವನ ಮುಖದ ಮುಂದೆ ಹಿಡಿದು ಸಾಲಿನ ಕೆಳಗೆ ಬೆರಳಿಟ್ಟಳು. ಅವನು ಓದಿದ. ಮುಖ ಸಣ್ಣದು ಮಾಡಿಕೊಂಡು ರಸ್ತೆಯ ಕಡೆಗೆ ನಾಲ್ಕು ಹೆಜ್ಜೆ ನಡೆದು ತನ್ನ ಫೋನು ಎತ್ತಿ ಹಿಡಿದ. ಪಟ್ಟಿ ಬಿಡದೆ ಚಿಕ್ಕಮ್ಮನೂ ಜೊತೆಗೇ ನಡೆದಳು. ಅವಳ ಫೋನು ಅಂಗೈಯಲ್ಲಿ ಅದುರಿತು. ರಸೀದಿ ಓದಿಕೊಂಡು ಪಟ್ಟಿ ಬಿಟ್ಟಳು.

"ಈಗ ಹೋಗಪ್ಪ, ಒಳ್ಳೇದಾಗ್ಲಿ" ಎಂದಳು.

ಒಳಮನೆಯ ಬಾಗಿಲ ಸಂದಿಯಿಂದ ನೋಡುತ್ತಿದ್ದವಳು ಬಾಯಿಯ ಮೇಲೆ ಕೈಯಿಟ್ಟುಕೊಂಡು ನಿಂತೇ ಇದ್ದಳು. ಇಷ್ಟು ವರ್ಷ ಚಿಕ್ಕಮ್ಮನಿಗೆ ತಾನೇ ಕಿವಿ, ತಾನೇ ಬಾಯಿ ಎಂದುಕೊಂಡಿದ್ದಳು. ಆ ಹೆಂಗಸಿಗೆ ಬೇಕಾಗಿದ್ದದ್ದು ಹಿಡಿದು ನಡೆಯಬಹುದಾದ ಸಾಲುಗಳು ಮಾತ್ರ. ಕೊಟ್ಟ ಕೂಡಲೇ ಎದ್ದು ನಡೆದೇಬಿಟ್ಟಳು. ಕಣ್ಣಾರೆ ಕಂಡರೂ ನಂಬಲು ಹೊತ್ತು ಹಿಡಿಯಿತು.

ಕೆಲವು ದಿನದ ಮೇಲೆ ಆಫೀಸಿನಲ್ಲಿ ಅವಳ ಫೋನಿಗೆ ಮೆಸೇಜು ಬಂತು. ಚಿಕ್ಕಮ್ಮನದು. ಅಭ್ಯಾಸಬಲದಿಂದ ಅವಳ ಕಣ್ಣು ಮೊದಲು ಹೋದದ್ದು ಬಾಲಕ್ಕೆ.

"ದುಡ್ಡು ಬಂತು. ಬೇರೆ ಮಿಷನ್ ನೋಡ್ತಾ ಇದೀನಿ. ನೀನು ಫೋನ್ ಮಾಡಬೇಡ."