ತಿರುಪ್ಪೂರಿಗೆ ಖಾತೆ ಸಾಗಿಸಿದ್ದು

ನಿಮ್ಮ ತಾತನ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದ್ದು ಬದುಕಿನಲ್ಲಿ ಒಂದೇ ಸಲ, ಅದೂ ಬ್ಯಾಂಕಿನ ಕಟಕಟೆಯ ಮುಂದೆ. ಮದುವೆ ಮುಂಜಿಗಳಲ್ಲಿ ನೆಂಟರು ಇದನ್ನು ತಮಾಷೆಯ ಕತೆ ಮಾಡಿ ಹೇಳುವುದನ್ನು ನೀವು ಕೇಳಿದ್ದೀರಿ. ಅದು ತಮಾಷೆಯಾಗಿರಲಿಲ್ಲ. ನಡೆದದ್ದು ನಡೆದ ಹಾಗೆ ಬರೆದಿಡುತ್ತೇನೆ. ನಿಮಗೆ ಕನ್ನಡ ಅಕ್ಷರ ಬರುವುದಿಲ್ಲ, ನಾನೇ ಅಕ್ಷರ ಕಲಿಸಿದ ನಿಮ್ಮ ಅಮ್ಮ ಓದಿ ಹೇಳಲಿ. ಎದುರಿಗೆ ಕೂತು ಹೇಳು ಎಂದರೆ ನನಗೆ ಬಾಯಿ ಕಟ್ಟುತ್ತದೆ.

ನಾನು ಹುಟ್ಟಿದ್ದು ಕೊಳ್ಳೇಗಾಲದ ಕಡೆಯ ಹಳ್ಳಿಯಲ್ಲಿ. ಆಗ ಅದೂ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ಅಲ್ಲಿಯ ಶಾಲೆಯಲ್ಲಿ ಐದನೇ ಕ್ಲಾಸಿನವರೆಗೆ ಓದಿದೆ. ಮದುವೆಯಾಗಿ ಬಂದದ್ದು ಕೊಯಮತ್ತೂರಿನ ಕಡೆಯ ನೆಗಮಂನಲ್ಲಿ ಮಗ್ಗ ಇಟ್ಟಿದ್ದ, ಕನ್ನಡ ಮಾತಾಡುವ ಮನೆತನಕ್ಕೆ. ನಿಮ್ಮ ತಾತ ಮಗ್ಗ ಬಿಟ್ಟು ಕೊಯಮತ್ತೂರಿನ ಒಂದು ಮಿಲ್ಲಿನಲ್ಲಿ ಗುಮಾಸ್ತರಾದರು. ಅವರ ಅಣ್ಣ, ಅಂದರೆ ನನ್ನ ಭಾವನವರು, ಅದೇ ಊರಿನ ಆರ್.ಎಸ್. ಪುರಂನಲ್ಲಿ ಸೀರೆ ವ್ಯಾಪಾರ ಇಟ್ಟಿದ್ದರು.

ನಿಮ್ಮ ತಾತ ಇದ್ದಾಗಲೇ ನನ್ನ ಹೆಸರಿನಲ್ಲಿ ಬ್ಯಾಂಕಿನಲ್ಲಿ ಒಂದು ಉಳಿತಾಯ ಖಾತೆ ತೆರೆದರು. ‘ನಿನಗೆ ಅಕ್ಷರ ಬರುತ್ತೆ, ಹೆಬ್ಬೆಟ್ಟು ಯಾಕೆ ಒತ್ತಬೇಕು, ಕನ್ನಡದಲ್ಲೇ ರುಜು ಹಾಕು’ ಎಂದರು. ಎಲ್ಲ ಸಲವೂ ಒಂದೇ ಥರ ಬರಬೇಕು ಎಂದು ಹಳೆಯ ಪೇಪರಿನ ಮೇಲೆ ನನ್ನ ಕೈಯಲ್ಲಿ ಬರೆಸಿ ಬರೆಸಿ ರೂಢಿ ಮಾಡಿಸಿದ್ದರು. ಅವರು ಕಾಮಾಲೆಯಿಂದ ತೀರಿಕೊಂಡ ಮೇಲೆ ಮಿಲ್ಲಿನವರು ಕೊಟ್ಟ ಹಣವೂ ಆ ಖಾತೆಗೇ ಹೋಯಿತು. ನಾನೂ ಮಗಳೂ ಭಾವನವರ ಮನೆ ಸೇರಿದೆವು.

ಪಾಸ್‌ಬುಕ್ಕನ್ನು ಭಾವನವರು ತಮ್ಮ ಬೀರುವಿನಲ್ಲಿ ಇಟ್ಟುಕೊಂಡರು. ಹಣ ಬೇಕಾದರೆ ನಾನು ಚೀಟಿಗೆ ರುಜು ಹಾಕಿ, ‘ತರುವವರ ಕೈಗೆ ಕೊಡಿ’ ಎಂದು ಪತ್ರ ಕೊಡಬೇಕು, ಅವರು ಹೋಗಿ ತರುತ್ತಾರೆ. ರುಜು ಹಾಕುವ ಮೊದಲು ಯಾಕೆ, ಏನಕ್ಕೆ ಎಂದು ಓರಗಿತ್ತಿಯ ಮೂಲಕ ವಿಚಾರಣೆ. ನಿಮ್ಮ ಅಮ್ಮ ಐದನೇ ಕ್ಲಾಸು ಮುಗಿಸಿದಾಗ ಹೈಸ್ಕೂಲಿಗೆ ಸೇರಿಸಲು ಹಣ ತೆಗೆಯಬೇಕು ಎಂದೆ. ‘ಹುಡುಗಿಗೆ ಇಷ್ಟು ಓದು ಸಾಕು. ಆ ದುಡ್ಡನ್ನ ನೂಲಿಗೆ ಹಾಕಿದರೆ ಬೆಳೆಯುತ್ತೆ’ ಎಂದು ಉತ್ತರ ಬಂತು. ಆ ವರ್ಷ ನಿಮ್ಮ ಅಮ್ಮ ಶಾಲೆಗೆ ಹೋಗದೆ ಓರಗಿತ್ತಿಯ ಮಕ್ಕಳ ಬಟ್ಟೆ ಮಡಿಸಿಕೊಂಡು ಕೂತಳು. ದುಡ್ಡು ನನ್ನದೇ, ನನ್ನ ಹೆಸರಿನಲ್ಲೇ ಇತ್ತು. ಈಗ ಬರೆಯುವಾಗಲೂ ಕೈ ಬಿಸಿಯಾಗುತ್ತದೆ.

ಅದೇ ವರ್ಷದ ಕೊನೆಗೆ ತಿರುಪ್ಪೂರಿನ ಒಂದು ಮಿಲ್ಲಿನಲ್ಲಿ, ಕೆಲಸಕ್ಕೆ ಬರುವ ಹೆಂಗಸರ ಕೂಸುಗಳನ್ನು ನೋಡಿಕೊಳ್ಳುವ ಕೋಣೆಗೆ ಆಯಾ ಬೇಕು ಎಂದು ಗೊತ್ತಾಯಿತು. ನಿಮ್ಮ ತಾತನ ಜೊತೆ ಕೆಲಸ ಮಾಡಿದವರೊಬ್ಬರು ಮಾತಾಡಿ ಕೊಡಿಸಿದರು. ಮಗಳನ್ನು ಕರೆದುಕೊಂಡು ಹೋಗಿ ಒಂದು ಕೋಣೆ ಹಿಡಿದೆ. ಅಲ್ಲಿ ಹೆಣ್ಣುಮಕ್ಕಳ ಹೈಸ್ಕೂಲು ಹತ್ತಿರವೇ ಇತ್ತು. ಫಸ್ಟ್ ಫಾರಂಗೆ, ಅಂದರೆ ಆರನೇ ಕ್ಲಾಸಿಗೆ, ಜೂನ್‌ನಲ್ಲಿ ಸೇರಿಸಿಕೊಳ್ಳುತ್ತೇವೆ, ಹಣ ಕಟ್ಟಿ ಎಂದರು. ಹಣ ಇರುವುದು ಕೊಯಮತ್ತೂರಿನ ಶಾಖೆಯಲ್ಲಿ. ಆ ಕಾಲದಲ್ಲಿ ಖಾತೆ ಯಾವ ಶಾಖೆಯಲ್ಲಿದೆಯೋ ಅಲ್ಲಿಯೇ ಹಣ ತೆಗೆಯಬೇಕು. ಎಂದರೆ ಮತ್ತೆ ಭಾವನವರ ಕೈ, ಮತ್ತೆ ಅದೇ ವಿಚಾರಣೆ.

ಮಿಲ್ಲಿನ ಕೋಣೆಗೆ ದಿನಾ ಬಂದು ಕೂಸುಗಳನ್ನು ನೋಡುವ ನರ್ಸಮ್ಮನ ಹತ್ತಿರ ಇದನ್ನು ಹೇಳಿಕೊಂಡೆ. ‘ಅದೇ ಬ್ಯಾಂಕಿಗೆ ತಿರುಪ್ಪೂರಿನಲ್ಲೂ ಶಾಖೆ ಇದೆಯಲ್ಲಮ್ಮಾ! ಖಾತೆಯನ್ನೇ ಇಲ್ಲಿಗೆ ತರಿಸಿಕೊಳ್ಳಿ. ಒಂದು ಅರ್ಜಿ ಸಾಕು’ ಎಂದರು. ಅವರೇ ಇಂಗ್ಲಿಷಿನಲ್ಲಿ ಬರೆದು ತಮಿಳಿನಲ್ಲಿ ನನಗೆ ಓದಿ ಹೇಳಿದರು. ‘ನಿಮ್ಮ ಶಾಖೆಯಲ್ಲಿ ಇಂಥ ನಂಬರಿನ ಉಳಿತಾಯ ಖಾತೆ ನನ್ನದು. ನನಗೆ ತಿರುಪ್ಪೂರಿನಲ್ಲಿ ಕೆಲಸ ಸಿಕ್ಕಿದ್ದರಿಂದ ಇಲ್ಲಿ ವಾಸವಾಗಿದ್ದೇನೆ. ಖಾತೆಯನ್ನೂ ಅದರಲ್ಲಿರುವ ಹಣವನ್ನೂ ಬಡ್ಡಿ ಸೇರಿಸಿ ನಿಮ್ಮ ತಿರುಪ್ಪೂರು ಶಾಖೆಗೆ ವರ್ಗಾಯಿಸಬೇಕು. ಪಾಸ್‌ಬುಕ್ ಇದರ ಜೊತೆ ಇದೆ.’ ಕೆಳಗೆ ಹೊಸ ವಿಳಾಸ. ಅಷ್ಟೇ. ನನಗೆ ಕೆಲಸ ಸಿಕ್ಕಿದೆ ಎಂಬ ಮಾತನ್ನು ನರ್ಸಮ್ಮನ ಕೈಯಲ್ಲಿ ಎರಡು ಸಲ ಓದಿಸಿಕೊಂಡೆ. ಆಮೇಲೆ ಕನ್ನಡದಲ್ಲಿ ನನ್ನ ರುಜು ಹಾಕಿದೆ.

ಪಾಸ್‌ಬುಕ್ಕು ಭಾವನವರ ಬೀರುವಿನಲ್ಲಿತ್ತಲ್ಲ. ಒಂದು ದಿನದ ಸಂಬಳ ಬಿಟ್ಟು ರಜೆ ಹಾಕಿ ಬೆಳಗಿನ ರೈಲಿಗೆ ಕೊಯಮತ್ತೂರಿಗೆ ಹೋದೆ. ಭಾವನವರು ಅರ್ಜಿ ನೋಡಿದರು. ಜಗಳವಾಡಲಿಲ್ಲ. ‘ಬ್ಯಾಂಕಿಗೆ ಹೆಂಗಸು ಒಬ್ಬಳೇ ಹೋಗೋದಾ? ಚೆನ್ನಾಗಿರುತ್ತಾ? ನಾನೇ ಕರೆದುಕೊಂಡು ಹೋಗ್ತೀನಿ’ ಎಂದು ಪಾಸ್‌ಬುಕ್ಕನ್ನು ಜೇಬಿಗೆ ಹಾಕಿಕೊಂಡು ಹೊರಟರು. ನನಗೆ ಸಮಾಧಾನವೇ ಆಯಿತು. ಜೊತೆಗೆ ಗಂಡಸು ಇದ್ದರೆ ಮಾತಾಡುವ ಕಷ್ಟ ನನಗಿಲ್ಲ ಎಂದುಕೊಂಡೆ.

ಬ್ಯಾಂಕಿನಲ್ಲಿ ಉಳಿತಾಯ ಖಾತೆಯ ಗುಮಾಸ್ತ ವಯಸ್ಸಿನಲ್ಲಿ ನನಗಿಂತ ಚಿಕ್ಕವನು. ಕೊಯಮತ್ತೂರಿನಲ್ಲಿ ಸೊಪ್ಪು ಮಾರುವವಳು ಕೂಡ ‘ವಾಂಗ’, ‘ಇರುಂಗ’, ಅಂದರೆ ಬನ್ನಿ, ಇರಿ ಎಂದು ಮರ್ಯಾದೆಯಾಗಿ ಮಾತಾಡುತ್ತಾಳೆ. ಇವನಿಗೆ ಭಾವನವರು ‘ವಾಂಗ’, ನಾನು ಬರೀ ‘ವಾ’. ಅರ್ಜಿ ಓದಿದ, ಪಾಸ್‌ಬುಕ್ ತಿರುವಿದ, ಹಿಂದಿನ ಪೆಟ್ಟಿಗೆಯಿಂದ ನನ್ನ ರುಜು ಇದ್ದ ಕಾರ್ಡು ತೆಗೆದು ಎರಡನ್ನೂ ಪಕ್ಕಪಕ್ಕ ಇಟ್ಟ.

‘ಇದೇನು ಜಿಲೇಬಿ ಸುತ್ತಿದ ಹಾಗಿದೆ!’ ಎಂದು ನನ್ನ ಕನ್ನಡ ಅಕ್ಷರಗಳನ್ನು ಪಕ್ಕದವನಿಗೆ ತೋರಿಸಿ ನಕ್ಕ. ಆಮೇಲೆ ನನ್ನ ಕಡೆ ತಿರುಗಿ, ‘ಖಾತೆ ನಿನ್ನದೇನಾ, ಅಮ್ಮಣಿ? ಗಂಡನ ಹೆಸರು ಹೇಳು’ ಎಂದ.

ನಮ್ಮಲ್ಲಿ ಗಂಡನ ಹೆಸರು ಹೇಳುವುದಿಲ್ಲ. ಅದು ನಿಮಗೆ ನಗು ಬರುವ ಸಂಗತಿ, ನನಗೆ ಗೊತ್ತು. ಆದರೆ ನಮಗೆ ಅದು ನಾಲಿಗೆಗೆ ಕಲಿಸಿದ ಪಾಠ. ಅದೇ ಹೆಸರಿನ ದೇವರನ್ನು ಕೂಡ ನಾನು ‘ಬೆಟ್ಟದ ಸ್ವಾಮಿ’ ಎಂದೇ ಕರೆಯುತ್ತಿದ್ದೆ. ರೇಷನ್ ಕಾರ್ಡಿನವರು ಬರಲಿ, ಜನಗಣತಿಯವರು ಬರಲಿ, ಕೇಳಿದರೆ ಹೆಂಗಸು ಪಕ್ಕದವರ ಕಡೆ ತಿರುಗುತ್ತಾಳೆ, ಪಕ್ಕದವರು ಹೇಳುತ್ತಾರೆ. ಮಗುವಾದರೂ ಸರಿ, ನೆರೆಮನೆಯವಳಾದರೂ ಸರಿ. ಹೇಳುವುದು ಅವರ ಧರ್ಮ. ಆಗುವುದಿಲ್ಲ ಎಂದು ಯಾರೂ ಹೇಳುವುದಿಲ್ಲ.

ನಾನು ಭಾವನವರ ಕಡೆ ತಿರುಗಿದೆ.

ಅವರು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು.

ಕೇಳಿಸಲಿಲ್ಲವೇನೋ ಎಂದುಕೊಂಡೆ. ಗುಮಾಸ್ತ ಇನ್ನೊಂದು ಸಲ, ಗಟ್ಟಿಯಾಗಿ ಕೇಳಿದ. ನನ್ನ ಹಿಂದೆ ಸಾಲಿನಲ್ಲಿದ್ದವರಿಗೆಲ್ಲ ಕೇಳಿಸಿತು. ಭಾವನವರು ಕ್ಯಾಲೆಂಡರಿನಿಂದ ಕಣ್ಣು ಕೀಳಲಿಲ್ಲ. ಒಡಹುಟ್ಟಿದ ತಮ್ಮನ ಹೆಸರು! ತೊಟ್ಟಿಲಲ್ಲಿ ಇದ್ದಾಗಿನಿಂದ ಕೂಗಿ ಕರೆದ ಹೆಸರು!

‘ಅವರ ಅಣ್ಣ ಇವರೇ’ ಎಂದು ಹೇಗೋ ಉಸಿರು ತೆಗೆದು ಹೇಳಿದೆ.

‘ಅಣ್ಣ ಯಾರು ಅಂತ ಯಾರು ಕೇಳಿದರು? ಗಂಡನ ಹೆಸರೇ ಗೊತ್ತಿಲ್ಲದ ಹೆಂಡತೀನಾ ನೀನು? ಯಾರದೋ ಪುಸ್ತಕ ತಂದು ಹಣ ಸಾಗಿಸೋ ಜನ ಬೇಕಾದಷ್ಟು ಇದಾರೆ’ ಎಂದ. ಸಾಲಿನಲ್ಲಿದ್ದ ಯಾರೋ, ‘ಅಮ್ಮಣಿಗೆ ಎಷ್ಟು ಗಂಡಂದಿರೋ, ಲೆಕ್ಕ ಹಾಕ್ತಾ ಇರಬೇಕು’ ಎಂದ. ನಗು ಎದ್ದಿತು.

ಆಗ ಭಾವನವರು ಬಾಯಿಬಿಟ್ಟರು. ಮೆತ್ತಗೆ, ನಮ್ಮ ಭಾಷೆಯಲ್ಲಿ, ‘ಬಿಡಮ್ಮ. ಇವತ್ತು ಆಗೋ ಕೆಲಸ ಅಲ್ಲ ಇದು. ಖಾತೆ ಇಲ್ಲೇ ಇರಲಿ, ನಾನಿಲ್ಲವಾ ನೋಡ್ಕೊಳ್ಳೋಕೆ?’ ಎಂದು ಪಾಸ್‌ಬುಕ್ಕಿಗೆ ಕೈ ಚಾಚಿದರು.

ಆ ಕೈ ನೋಡಿದಾಗ ನನಗೆ ಎಲ್ಲ ತಿಳಿಯಿತು. ಅವರು ಜಗಳವಾಡದೆ ಜೊತೆಗೆ ಬಂದದ್ದು ಯಾಕೆ ಎನ್ನುವುದೂ ತಿಳಿಯಿತು. ನಮ್ಮ ಸಂಪ್ರದಾಯ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ನಾನು ಹೇಳಲಾರೆ ಎನ್ನುವುದನ್ನೇ ನಂಬಿಕೊಂಡು ಅವರು ಸುಮ್ಮನೆ ನಿಂತಿದ್ದರು. ಪಾಸ್‌ಬುಕ್ಕು ಆ ಜೇಬಿಗೆ ಹೋದರೆ ನಿಮ್ಮ ಅಮ್ಮ ಇನ್ನೊಂದು ವರ್ಷ ಬಟ್ಟೆ ಮಡಿಸಬೇಕು, ಅದರ ಮುಂದಿನ ವರ್ಷ ಯಾರಿಗಾದರೂ ಕಟ್ಟಿ ಕಳಿಸುತ್ತಾರೆ.

ಪಾಸ್‌ಬುಕ್ಕಿನ ಮೇಲೆ ಕೈ ಇಟ್ಟು ನಿಮ್ಮ ತಾತನ ಹೆಸರು ಹೇಳಿದೆ. ಮೆಲ್ಲಗೆ ಹೇಳಬೇಕೆಂದುಕೊಂಡದ್ದು ಕೂಗಾಗಿ ಬಂತು. ಅವರ ಅಪ್ಪನ ಹೆಸರನ್ನೂ ಸೇರಿಸಿಯೇ ಹೇಳಿದೆ. ಭಾವನವರು ಕಿವಿ ಮುಚ್ಚಿಕೊಳ್ಳುವವರ ಹಾಗೆ ತಲೆ ತಗ್ಗಿಸಿದರು.

ಕೂಗು ಕೇಳಿ ಒಳಕೋಣೆಯಿಂದ ಏಜೆಂಟರು ಎದ್ದು ಬಂದರು. ಆಗೆಲ್ಲ ಶಾಖೆಯ ಮೇಲಧಿಕಾರಿಯನ್ನು ಏಜೆಂಟ್ ಎನ್ನುತ್ತಿದ್ದರು. ಏನಿದು ಗಲಾಟೆ ಎಂದು ಅರ್ಜಿ ತೆಗೆದುಕೊಂಡು ಓದಿದರು. ಕಾರ್ಡು ನೋಡಿದರು. ಒಂದು ಚೂರು ಕಾಗದ ಕೊಟ್ಟು, ‘ಇಲ್ಲಿ ಒಂದು ರುಜು ಹಾಕಿಂಗಮ್ಮ’ ಎಂದು ಆ ಊರಿನ ಮರ್ಯಾದೆಯಲ್ಲೇ ಹೇಳಿದರು. ರುಜು ಬರಬೇಕಾದ ಹಾಗೆಯೇ ಬಂತು. ಮೂರನ್ನೂ ಹೋಲಿಸಿ ಗುಮಾಸ್ತನಿಗೆ, ‘ರುಜು ಸರಿ ಇದೆ, ಪಾಸ್‌ಬುಕ್ ಇದೆ, ಅರ್ಜಿ ಸರಿ ಇದೆ. ಇನ್ನೇನು ಬೇಕಿತ್ತು ನಿನಗೆ?’ ಎಂದರು.

‘ಗುರುತಿಗೆ ಕೇಳಿದೆ ಸಾರ್.’

‘ರುಜುಗಿಂತ ಗುರುತು ಏನಯ್ಯ?’

ಅಷ್ಟೇ ನಡೆದದ್ದು. ಅರ್ಜಿಯ ಮೂಲೆಯಲ್ಲಿ ಏಜೆಂಟರು ಒಂದು ಗೀಟು ಎಳೆದು ತಮ್ಮ ರುಜು ಹಾಕಿದರು. ಇಲ್ಲಿಯ ಖಾತೆ ಮುಚ್ಚಿ, ಬಡ್ಡಿ ಲೆಕ್ಕ ಹಾಕಿ ಸೇರಿಸಿ, ಹಣದ ಜೊತೆಗೆ ನನ್ನ ಖಾತೆಯ ಫಾರಂ, ರುಜು ಕಾರ್ಡು ಎರಡನ್ನೂ ತಿರುಪ್ಪೂರಿಗೆ ಕಳಿಸುತ್ತಾರೆ, ಅಲ್ಲಿ ಹೊಸ ನಂಬರು, ಹೊಸ ಪಾಸ್‌ಬುಕ್ ಕೊಡುತ್ತಾರೆ ಎಂದು ವಿವರಿಸಿದರು. ಹಳೆಯ ಪಾಸ್‌ಬುಕ್ ತೆಗೆದುಕೊಂಡದ್ದಕ್ಕೆ ರಸೀದಿ ಬರೆಸಿ ನನ್ನ ಕೈಗೇ ಕೊಡಿಸಿದರು.

ಹಾಗಾದರೆ ಆ ಪ್ರಶ್ನೆ ಬೇಕೇ ಇರಲಿಲ್ಲ! ಯಾವ ನಿಯಮದಲ್ಲೂ ಇಲ್ಲದ್ದನ್ನು ಒಬ್ಬ ಹುಡುಗಾಟಕ್ಕೆ ಕೇಳಿದ, ಇನ್ನೊಬ್ಬರು ಅದನ್ನೇ ಬಾಗಿಲಿಗೆ ಅಗುಳಿ ಮಾಡಿಕೊಂಡರು. ‘ಬೇಡದ್ದನ್ನು ನನ್ನ ಹತ್ತಿರ ಯಾಕೆ ಕೇಳಿದರು?’ ಎಂದು ಏಜೆಂಟರನ್ನು ಕೇಳಿದೆ. ನಾನು, ಅಂಗಡಿಯಲ್ಲಿ ಚಿಲ್ಲರೆ ಕಡಿಮೆ ಬಂದರೂ ಕೇಳದವಳು. ಏಜೆಂಟರು ಒಳ್ಳೆಯವರೇ, ಆದರೂ ‘ಹೋಗಿ ಬನ್ನಿಂಗಮ್ಮ’ ಎಂದು ಒಳಗೆ ಹೋದರು. ಗುಮಾಸ್ತ ಠಸ್ಸೆ ಒತ್ತುವುದರಲ್ಲಿ ಮುಳುಗಿದ್ದ. ತಪ್ಪಾಯಿತು ಎಂಬ ಒಂದು ಮಾತು ಯಾರ ಬಾಯಿಂದಲೂ ಬರಲಿಲ್ಲ.

ಬೀದಿಗೆ ಬಂದ ಮೇಲೆ ಭಾವನವರು, ‘ಸತ್ತವನ ಹೆಸರನ್ನ ಸಂತೆಯಲ್ಲಿ ಕೂಗಿದ ಹಾಗೆ ಕೂಗಿಬಿಟ್ಟೆಯಲ್ಲ. ನಮ್ಮ ಮನೆ ಹೆಂಗಸರು ಯಾರೂ ಮಾಡದ ಕೆಲಸ’ ಎಂದರು.

ನಾನು ಅವರಿಗೆ ನೇರವಾಗಿ ಉತ್ತರ ಕೊಟ್ಟವಳೇ ಅಲ್ಲ. ಅವತ್ತು ಕೊಟ್ಟೆ. ‘ನಿಮ್ಮ ಬಾಯಲ್ಲಿ ಬಂದಿದ್ದರೆ ನಾನು ಕೂಗಬೇಕಾಗಿರಲಿಲ್ಲ.’

‘ನನಗೆ ಕೇಳಿಸಲಿಲ್ಲ.’

‘ಸಾಲಿನ ಕೊನೆಯವನಿಗೆ ಕೇಳಿಸಿತು.’

ಅವರ ಮನೆಯಲ್ಲಿ ಊಟಕ್ಕೆ ನಿಲ್ಲದೆ ರೈಲು ಹತ್ತಿದೆ. ಕಿಟಕಿಯ ಪಕ್ಕ ಕೂತು ಅತ್ತೆ. ಶಾಸ್ತ್ರ ಮುರಿದೆ ಎಂಬ ಹೆದರಿಕೆಯಿಂದಲ್ಲ. ಅವರು ಬದುಕಿದ್ದಾಗ ಒಂದು ಸಲವೂ ಪ್ರೀತಿಯಿಂದ ಕೂಗದ ಹೆಸರನ್ನು ಆ ಗುಮಾಸ್ತನಿಗೆ ಹೇಳಬೇಕಾಯಿತಲ್ಲ ಎಂಬ ಸಿಟ್ಟಿಗೆ.

ಕೆಲವು ದಿನ ಕಳೆದ ಮೇಲೆ ತಿರುಪ್ಪೂರಿನ ಶಾಖೆಗೆ ಹೋದೆ. ನನ್ನ ಕಾರ್ಡು ಬಂದಿತ್ತು. ಅಲ್ಲಿಯವರು ರಸೀದಿ ನೋಡಿದರು, ಒಂದು ರುಜು ಹಾಕಿಸಿಕೊಂಡರು, ಹೊಸ ಪಾಸ್‌ಬುಕ್ ಕೊಟ್ಟರು. ಯಾರ ಹೆಸರನ್ನೂ ಕೇಳಲಿಲ್ಲ. ಜೂನ್ ತಿಂಗಳಲ್ಲಿ ನಾನೇ ಸಾಲಿನಲ್ಲಿ ನಿಂತು ಹಣ ತೆಗೆದು, ನಿಮ್ಮ ಅಮ್ಮನನ್ನು ಫಸ್ಟ್ ಫಾರಂಗೆ ಸೇರಿಸಿದೆ. ಕ್ಲಾಸಿನಲ್ಲಿ ಉಳಿದವರಿಗಿಂತ ಒಂದು ವರ್ಷ ದೊಡ್ಡವಳು ಎಂದು ಅವಳಿಗೆ ನಾಚಿಕೆಯಾಗುತ್ತಿತ್ತು. ಆ ಒಂದು ವರ್ಷವನ್ನು ಯಾರೂ ಅವಳಿಗೆ ತಿರುಗಿ ಕೊಡಲಿಲ್ಲ.

ಮುಂದಿನ ದೀಪಾವಳಿಗೆ ಭಾವನವರು ತಿರುಪ್ಪೂರಿಗೆ ಬಂದಿದ್ದರು. ಕಾಫಿ ಕುಡಿದು, ಕೋಣೆಯ ನಾಲ್ಕು ಗೋಡೆಯನ್ನೂ ನೋಡಿ, ‘ಪಾಸ್‌ಬುಕ್ಕು ಎಲ್ಲಿ ಇಟ್ಟಿದೀಯಮ್ಮ? ಜೋಪಾನ’ ಎಂದರು.

‘ಇಟ್ಟಿದೀನಿ’ ಎಂದೆ. ಎಲ್ಲಿ ಎಂದು ಹೇಳಲಿಲ್ಲ.